ಬೆಂಗಳೂರಿನಲ್ಲಿ ನೀರು 100ಕ್ಕೆ ಕುದಿಯಲ್ಲ: ಅಡುಗೆಮನೆ ಥರ್ಮಾಮೀಟರ್ ಪರೀಕ್ಷೆ

ನೀರು ಕೊತಕೊತ ಕುದಿಯುತ್ತಿದೆ, ಥರ್ಮಾಮೀಟರ್ 98.2 ತೋರಿಸುತ್ತಿದೆ. ಶಾಲೆಯಲ್ಲಿ ಓದಿದ್ದು 100 ಅಲ್ವಾ? ಹಾಗಾದರೆ ಇದು 1.8 ಡಿಗ್ರಿ ಕಡಿಮೆ ತೋರಿಸುತ್ತಿದೆ ಅಂತ ಯಾರಿಗಾದರೂ ಅನಿಸುತ್ತದೆ. ನಿಜ ಏನೆಂದರೆ, ಇದು 1.3 ಡಿಗ್ರಿ ಜಾಸ್ತಿ ತೋರಿಸುತ್ತಿದೆ. ನಾನು ನಿಂತಿರುವುದು ಬೆಂಗಳೂರಿನ ಅಡುಗೆಮನೆಯಲ್ಲಿ. ಇಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ.

ಇವತ್ತು ಮಾಡುವುದು ಇಷ್ಟೇ. ಈ ಥರ್ಮಾಮೀಟರ್ ಎಷ್ಟು ತಪ್ಪು ಹೇಳುತ್ತದೆ ಅಂತ ಮೊದಲು ಐಸ್‌ನಲ್ಲಿ, ಆಮೇಲೆ ಕುದಿಯುವ ನೀರಿನಲ್ಲಿ ನೋಡುತ್ತೇವೆ. ನನ್ನ ಹತ್ತಿರ ಇರುವುದು ಉದ್ದನೆಯ ಸ್ಟೀಲ್ ಕಡ್ಡಿ ಇರುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್. ಹಾಲಿಗೆ, ಎಣ್ಣೆಗೆ, ಪಾಕಕ್ಕೆ ಬಳಸುತ್ತಾರಲ್ಲ, ಅದೇ. ಜ್ವರ ನೋಡುವ ಥರ್ಮಾಮೀಟರನ್ನು ದಯವಿಟ್ಟು ಇದಕ್ಕೆ ತರಬೇಡಿ. ಅದರ ಅಳತೆ 42ರ ಆಸುಪಾಸಿಗೆ ಮುಗಿಯುತ್ತದೆ. ಹಳೆಯ ಗಾಜಿನದನ್ನು ಬಿಸಿನೀರಿಗೆ ಇಟ್ಟರೆ ಒಡೆದು ಪಾದರಸ ಹೊರಗೆ ಬರುತ್ತದೆ.

ಮೊದಲು ಐಸ್. ಇದು ಸುಲಭ ಅಂತ ಕಾಣುತ್ತದೆ, ಆದರೆ ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಲೋಟ ನೀರಿಗೆ ನಾಲ್ಕು ಐಸ್ ತುಂಡು ಹಾಕಿ ಕಡ್ಡಿ ಅದ್ದಿದರೆ ಅದು ಶರಬತ್ತಿನ ಲೋಟ, ಸೊನ್ನೆ ಡಿಗ್ರಿ ಅಲ್ಲ. ಐಸ್ ಮೇಲೆ ತೇಲುತ್ತದೆ. ಕೆಳಗಿನ ನೀರು ಮೂರೋ ನಾಲ್ಕೋ ಡಿಗ್ರಿಯಲ್ಲಿ ಆರಾಮಾಗಿ ಕೂತಿರುತ್ತದೆ, ಯಾಕೆಂದರೆ 4 ಡಿಗ್ರಿಯ ನೀರೇ ಎಲ್ಲಕ್ಕಿಂತ ಭಾರ. ಕಡ್ಡಿಯ ತುದಿ ತಳದಲ್ಲಿದ್ದರೆ ಥರ್ಮಾಮೀಟರ್ 3 ಅಂತ ಹೇಳುತ್ತದೆ. ಪಾಪ, ಅದು ಹೇಳುತ್ತಿರುವುದು ಸರಿಯೇ.

ಅದಕ್ಕೆ ಐಸನ್ನು ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಿ. ನಾನು ಒಂದು ಸ್ಟೀಲ್ ಫ್ಲಾಸ್ಕ್ ತೆಗೆದುಕೊಂಡಿದ್ದೇನೆ, ಒಳಗಿನ ತಂಪು ಬೇಗ ಹೋಗದಿರಲಿ ಅಂತ. ದೊಡ್ಡ ಲೋಟವೂ ನಡೆಯುತ್ತದೆ. ಬಾಯಿವರೆಗೂ ಪುಡಿ ಐಸ್ ತುಂಬಿ. ಆಮೇಲೆ ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಹಾಕಿ. ತಳದವರೆಗೂ ಐಸ್ ಇರಬೇಕು. ಐಸ್ ತೇಲಿ ಕೆಳಗೆ ಬರೀ ನೀರು ಉಳಿದರೆ, ಒಂದಿಷ್ಟು ನೀರು ಚೆಲ್ಲಿ ಮತ್ತೆ ಐಸ್ ತುಂಬಿ.

ಇನ್ನೊಂದು ವಿಷಯ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಸೊನ್ನೆಯಲ್ಲಿ ಇರುವುದಿಲ್ಲ. ಅದು ಮೈನಸ್ ಹದಿನೈದು, ಹದಿನೆಂಟರಲ್ಲಿ ಇರುತ್ತದೆ. ನೋಡಿ, ಮೇಲೆ ಬೆಳ್ಳಗೆ ಪುಡಿ ಕಟ್ಟಿದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಬೆಳ್ಳಗಿದ್ದದ್ದು ಹೋಗಿ ಒದ್ದೆಯಾಗಿ ಗಾಜಿನ ಹಾಗೆ ಹೊಳೆಯುತ್ತದೆ. ಅಂದರೆ ಕರಗಲು ಶುರುವಾಯಿತು. ಕರಗುತ್ತಿರುವ ಐಸೇ ಸೊನ್ನೆ ಡಿಗ್ರಿ. ಅಷ್ಟರವರೆಗೆ ಕಾಯಲೇಬೇಕು. ಹತ್ತು ನಿಮಿಷ ಬಿಟ್ಟು, ನಡುವೆ ಒಂದೆರಡು ಸಲ ಕಲಕಿ.

ಉಪ್ಪು ಹಾಕಬೇಡಿ, ಅದು ಕುಲ್ಫಿ ಮಾಡುವ ದಾರಿ. ನಲ್ಲಿ ನೀರಾ, ಫಿಲ್ಟರ್ ನೀರಾ ಅನ್ನುವ ಚಿಂತೆ ಬೇಡ. ಕುಡಿಯುವ ನೀರಿನಲ್ಲಿರುವ ಲವಣದಿಂದ ಆಗುವ ವ್ಯತ್ಯಾಸ ಈ ಥರ್ಮಾಮೀಟರ್‌ಗೆ ಕಾಣಿಸುವುದೇ ಇಲ್ಲ.

ಈಗ ಕಡ್ಡಿಯನ್ನು ನಡುವಿಗೆ, ಕನಿಷ್ಠ ಐದು ಸೆಂಟಿಮೀಟರ್ ಒಳಗೆ ಇಳಿಸುತ್ತಿದ್ದೇನೆ. ತಳಕ್ಕೂ ಗೋಡೆಗೂ ತಾಗಬಾರದು. ಕಡ್ಡಿಯಿಂದಲೇ ನಿಧಾನಕ್ಕೆ ಕಲಕುತ್ತಾ ಇರಿ. ಅಂಕಿ ಇಳಿಯುತ್ತಾ ಬರುತ್ತದೆ: 4, 2, 1.1, 0.8, 0.6. ಅಲ್ಲೇ ನಿಂತಿತು. ಇನ್ನೊಂದು ನಿಮಿಷ ನೋಡೋಣ. ಹೂಂ, 0.6. ಬರೆದುಕೊಳ್ಳಿ. ಐಸ್‌ನಲ್ಲಿ ಇದು 0.6 ಜಾಸ್ತಿ.

ಇದರಲ್ಲಿ ಒಂದು ಒಳ್ಳೆಯ ವಿಷಯ ಇದೆ. ಐಸ್ ಕರಗುವ ಬಿಸಿ ಊರಿಂದ ಊರಿಗೆ ಬದಲಾಗುವುದಿಲ್ಲ. ಮಂಗಳೂರಿನಲ್ಲೂ ಸೊನ್ನೆ, ಮಡಿಕೇರಿಯಲ್ಲೂ ಸೊನ್ನೆ. ಕುದಿಯುವ ನೀರು ಹಾಗಲ್ಲ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ನೀರಿನೊಳಗೆ ಹುಟ್ಟುವ ಆವಿಯ ಗುಳ್ಳೆ ಆ ಒತ್ತಡವನ್ನು ಎದುರಿಸಿ ಉಬ್ಬಬೇಕು. ಒತ್ತಡ ಕಡಿಮೆ ಇದ್ದರೆ ಕಡಿಮೆ ಬಿಸಿಗೇ ಅದು ಉಬ್ಬುತ್ತದೆ. 1742ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ತನ್ನ ಅಳತೆ ಮಾಡುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದ. ಅವನ ಅಳತೆಯಲ್ಲಿ ಕುದಿಯುವುದು ಸೊನ್ನೆ, ಐಸ್ ಕರಗುವುದು 100. ಆಮೇಲೆ ಅದನ್ನು ತಿರುಗಿಸಿದರು, ನಾವು ಬಚಾವ್.

ನಿಮ್ಮ ಊರಿನ ಲೆಕ್ಕ ಹೀಗೆ: ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 1 ಡಿಗ್ರಿ ಕಳೆಯಿರಿ. ಬೆಂಗಳೂರು ಸುಮಾರು 920 ಮೀಟರ್. 920ನ್ನು 300ರಿಂದ ಭಾಗಿಸಿದರೆ ಸುಮಾರು 3.1. 100ರಿಂದ ಕಳೆದರೆ 96.9. ಮೈಸೂರಿನಲ್ಲಿ ಇದು ಸುಮಾರು 97.5 ಆಗುತ್ತದೆ, ಮಡಿಕೇರಿಯಲ್ಲಿ 96ರ ಮೇಲೆ ಸ್ವಲ್ಪ.

ಫೋನಿನಲ್ಲಿ ಒತ್ತಡ ನೋಡಿ ಲೆಕ್ಕ ಹಾಕುವವರಿಗೆ ಒಂದು ಎಚ್ಚರಿಕೆ. ಹವಾಮಾನದ ಆ್ಯಪ್ ತೆರೆದರೆ ಬೆಂಗಳೂರಿಗೂ 1012 hPa, 1014 hPa ಅಂತ ತೋರಿಸುತ್ತದೆ. ಅದು ನಿಮ್ಮ ಮನೆಯ ಗಾಳಿಯ ಒತ್ತಡ ಅಲ್ಲ. ಊರು ಊರನ್ನು ಹೋಲಿಸಲು ಅನುಕೂಲವಾಗಲಿ ಅಂತ ಅದನ್ನು ಸಮುದ್ರಮಟ್ಟಕ್ಕೆ ಇಳಿಸಿ ಕೊಟ್ಟಿರುತ್ತಾರೆ. ಆ ಅಂಕಿ ನಂಬಿದರೆ ಬೆಂಗಳೂರಿನಲ್ಲೂ ನೀರು 100ಕ್ಕೆ ಕುದಿಯಬೇಕಾಗುತ್ತದೆ! ಕೆಲವು ಫೋನಿನೊಳಗೆ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅದನ್ನು ನೇರವಾಗಿ ಓದುವ ಆ್ಯಪ್ ಹಾಕಿ. ನನ್ನದು ಈಗ 910 ತೋರಿಸುತ್ತಿದೆ. ಸಮುದ್ರಮಟ್ಟದ ಸಾಮಾನ್ಯ ಒತ್ತಡವಾದ 1013ಕ್ಕಿಂತ 103 ಕಡಿಮೆ. ಪ್ರತಿ 35ಕ್ಕೆ ಸುಮಾರು 1 ಡಿಗ್ರಿ, ಅಂದರೆ 3 ಡಿಗ್ರಿ ಕಡಿಮೆ. ಎರಡು ದಾರಿಯಲ್ಲೂ ಹೋದರೆ ಸಿಗುವುದು 97ರ ಆಸುಪಾಸೇ. ನಾನು ಎತ್ತರದ ಲೆಕ್ಕದ 96.9 ಇಟ್ಟುಕೊಳ್ಳುತ್ತೇನೆ.

ಈಗ ಒಲೆ ಹತ್ತಿರ ಬನ್ನಿ. ಅಗಲ ಬಾಣಲೆ ಬೇಡ, ಆಳ ಇರುವ ಪಾತ್ರೆ ಇರಲಿ. ಈ ಸಣ್ಣ ಸಣ್ಣ ಗುಳ್ಳೆಗಳು ಕಾಣಿಸುತ್ತಿವೆಯಲ್ಲ, ಪಾತ್ರೆಯ ಗೋಡೆಗೆ ಅಂಟಿಕೊಂಡಿರುವುದು? ಇದು ಕುದಿ ಅಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೊರಗೆ ಬರುತ್ತಿದೆ ಅಷ್ಟೇ. ದೊಡ್ಡ ಗುಳ್ಳೆಗಳು ತಳದಿಂದ ಎದ್ದು ಮೇಲೆ ಬಂದು ಒಡೆದು, ನೀರೆಲ್ಲಾ ಮಗುಚುವಂತೆ ಮರಳಬೇಕು. ಆಗ ಕಡ್ಡಿ ಇಳಿಸಿ. ತಳಕ್ಕೆ ತಾಗಿಸಬೇಡಿ, ತಳ ನೀರಿಗಿಂತ ಬಿಸಿ. ಉರಿ ಪಾತ್ರೆಯ ಸುತ್ತ ಮೇಲೆ ಬರುತ್ತಿದ್ದರೆ ಸ್ವಲ್ಪ ಸಣ್ಣ ಮಾಡಿ, ಇಲ್ಲದಿದ್ದರೆ ಥರ್ಮಾಮೀಟರಿನ ಪ್ಲಾಸ್ಟಿಕ್ ತಲೆ ಸುಡುತ್ತದೆ. ನಾನು ಇಕ್ಕಳದಲ್ಲಿ ಹಿಡಿದಿದ್ದೇನೆ, ಆವಿ ಕೈಗೆ ಹೊಡೆಯುತ್ತದೆ. ಮೈಕ್ರೋವೇವ್‌ನಲ್ಲಿ ಕಾಯಿಸಿದ ನೀರು ಈ ಪರೀಕ್ಷೆಗೆ ಬೇಡವೇ ಬೇಡ. ಅದು ಕುದಿಯದೇ ಕುದಿಯುವ ಬಿಸಿಯನ್ನು ದಾಟಿ ಹೋಗಬಹುದು, ಕಡ್ಡಿ ಇಟ್ಟ ಕೂಡಲೇ ಉಕ್ಕಿ ಮೈಮೇಲೆ ಚಿಮ್ಮಬಹುದು.

ಬಂತು, 98.2. ಇರಬೇಕಾದದ್ದು 96.9. ಅಂದರೆ 1.3 ಜಾಸ್ತಿ.

ಕೆಳಗೆ 0.6 ಜಾಸ್ತಿ, ಮೇಲೆ 1.3 ಜಾಸ್ತಿ. ನಡುವೆ? ತಪ್ಪು ಒಂದೇ ಸಮನೆ ಬೆಳೆಯುತ್ತದೆ ಅಂತ ಇಟ್ಟುಕೊಂಡರೆ ಅರ್ಧದಾರಿಯಲ್ಲಿ ಸುಮಾರು 0.9. ಹಾಲಿಗೆ ಹೆಪ್ಪು ಹಾಕುವಾಗ ಇದು 45 ಅಂದರೆ ನಿಜವಾದ ಬಿಸಿ ಸುಮಾರು 44. ಮೊಸರಿಗೆ ಏನೂ ತೊಂದರೆ ಇಲ್ಲ. ಎಣ್ಣೆ 180 ಅಂತ ತೋರಿಸಿದರೆ ನಿಜ ಸುಮಾರು 178 ಇರಬಹುದು, ಆದರೆ ಅಷ್ಟು ಮೇಲಿನದನ್ನು ನಾವು ಪರೀಕ್ಷೆ ಮಾಡಿಲ್ಲ, ಅದು ಅಂದಾಜು ಮಾತ್ರ. ಬೋಂಡಾಕ್ಕೆ ಆ ಅಂದಾಜು ಧಾರಾಳ ಸಾಕು.

ಕೆಲವು ಥರ್ಮಾಮೀಟರ್‌ಗಳಲ್ಲಿ CAL ಅಂತ ಬಟನ್ ಇರುತ್ತದೆ. ಮುಳ್ಳು ಇರುವ ಗಡಿಯಾರದಂಥವುಗಳಲ್ಲಿ ಹಿಂಬದಿಗೆ ಒಂದು ನಟ್ ಇರುತ್ತದೆ, ಸ್ಪ್ಯಾನರ್‌ನಲ್ಲಿ ತಿರುಗಿಸಬೇಕು. ಸಾಮಾನ್ಯವಾಗಿ ಇವೆರಡೂ ಇಡೀ ಅಳತೆಯನ್ನು ಒಟ್ಟಿಗೆ ಮೇಲೆ ಕೆಳಗೆ ಜರುಗಿಸುತ್ತವೆ ಅಷ್ಟೇ. ಹಾಗಾಗಿ ನೀವು ಹೆಚ್ಚು ಬಳಸುವ ಬಿಸಿಗೆ ಯಾವುದು ಹತ್ತಿರವೋ ಅಲ್ಲಿ ಸರಿಮಾಡಿ. ಎಣ್ಣೆ, ಪಾಕದವರು ಕುದಿಯುವ ನೀರಿನಲ್ಲಿ, ಫ್ರಿಜ್ ತಂಪು ನೋಡುವವರು ಐಸ್‌ನಲ್ಲಿ. ನನ್ನದರಲ್ಲಿ ಬಟನ್ ಇಲ್ಲ. ಡಬ್ಬಿ ಮೇಲೆ ಚೀಟಿ ಅಂಟಿಸಿದ್ದೇನೆ: ಐಸ್ 0.6, ಕುದಿ 98.2. ಐಸ್‌ನಲ್ಲೇ ಐದಾರು ಡಿಗ್ರಿ ತಪ್ಪು ಬಂದರೆ, ಅಥವಾ ಎರಡನೇ ಸಲ ನೋಡಿದಾಗ ಬೇರೆಯೇ ಅಂಕಿ ಬಂದರೆ, ಮೊದಲು ಬ್ಯಾಟರಿ ಬದಲಿಸಿ. ಆಗಲೂ ಕುಣಿಯುತ್ತಿದ್ದರೆ ಕಡ್ಡಿಯೊಳಗೆ ನೀರು ಹೋಗಿರಬಹುದು. ಅಂಥದ್ದಕ್ಕೆ ಚೀಟಿ ಅಂಟಿಸಿ ಪ್ರಯೋಜನ ಇಲ್ಲ.

ಹಬ್ಬಕ್ಕೆ ಮಂಗಳೂರಿಗೆ ಹೋದಾಗ ಇದನ್ನು ಜೊತೆಗೆ ತೆಗೆದುಕೊಂಡು ಹೋಗಿದ್ದೆ. ಅತ್ತಿಗೆಯ ಅಡುಗೆಮನೆಯಲ್ಲಿ ಇದೇ ಕಡ್ಡಿ, ಕುದಿಯುವ ನೀರು: 101.3. ಅಲ್ಲಿ ಸಮುದ್ರ ಪಕ್ಕದಲ್ಲೇ, ನೀರು 100ಕ್ಕೇ ಕುದಿಯುತ್ತದೆ. ತಪ್ಪು ಅಲ್ಲೂ 1.3. "ಹಾಗಾದರೆ ನಿಮ್ಮ ಬೆಂಗಳೂರಲ್ಲಿ ಬೇಳೆ ಬೇಗ ಬೇಯ್ತದಾ ಮಾರಾಯ್ರೆ?" ಅಂತ ಅತ್ತಿಗೆ ಕೇಳಿದರು. ಉಲ್ಟಾ. ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆಗೆ ಜಾಸ್ತಿ ಹೊತ್ತು ಬೇಕು. ಕುಕ್ಕರ್ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಎತ್ತರ ನಿಜವಾಗಿ ಕಾಡುವುದು ಸಕ್ಕರೆ ಪಾಕದಲ್ಲಿ. ಮೊಸರಿಗೆ, ಎಣ್ಣೆಗೆ ಬೇಕಾದ ಬಿಸಿ ಎಲ್ಲಾ ಊರಿನಲ್ಲೂ ಒಂದೇ. ಪಾಕ ಹಾಗಲ್ಲ, ಅದು ಕುದಿಯುತ್ತಾ ನೀರು ಕಳೆದುಕೊಳ್ಳುವ ವಸ್ತು. ಅದರಲ್ಲಿ ಎಷ್ಟು ನೀರು ಉಳಿದಿದೆ ಅನ್ನುವುದನ್ನೇ ನಾವು ಬಿಸಿಯಿಂದ ಅಳೆಯುತ್ತೇವೆ. ನೀರು 3 ಡಿಗ್ರಿ ಮೊದಲೇ ಕುದಿಯುವ ಊರಿನಲ್ಲಿ ಅದೇ ಹದದ ಪಾಕವೂ ಸುಮಾರು 3 ಡಿಗ್ರಿ ಮೊದಲೇ ಸಿಗುತ್ತದೆ. ಪುಸ್ತಕದಲ್ಲಿ 115 ಅಂತ ಇದೆ ಅಂತ ಬೆಂಗಳೂರಿನಲ್ಲೂ 115ರವರೆಗೆ ಕಾಯಿಸಿದರೆ ಪಾಕ ಗಟ್ಟಿಯಾಗಿ, ಬರ್ಫಿ ಕಚ್ಚಲು ಹಲ್ಲು ಗಟ್ಟಿ ಬೇಕಾಗುತ್ತದೆ.

ಇಲ್ಲಿ ಒಂದು ಸುಲಭ ಉಪಾಯ ಇದೆ. ಪಾಕಕ್ಕೆ ಥರ್ಮಾಮೀಟರಿನ ತಪ್ಪು ಎಷ್ಟು, ಊರಿನ ಎತ್ತರ ಎಷ್ಟು ಅಂತ ಬೇರೆ ಬೇರೆ ಲೆಕ್ಕ ಬೇಡ. ಕುದಿಯುವ ನೀರಿನಲ್ಲಿ ಬಂದ ಅಂಕಿ 100ಕ್ಕಿಂತ ಎಷ್ಟು ಕಡಿಮೆಯೋ ಅಷ್ಟನ್ನು ಪುಸ್ತಕದ ಅಂಕಿಯಿಂದ ಕಳೆಯಿರಿ, ಜಾಸ್ತಿ ಇದ್ದರೆ ಕೂಡಿಸಿ. ನನಗೆ ಇಲ್ಲಿ 98.2 ಬಂದಿದೆ, 1.8 ಕಡಿಮೆ. 115ರ ಪಾಕವನ್ನು 113.2ಕ್ಕೆ ಇಳಿಸುತ್ತೇನೆ. ಅತ್ತಿಗೆ ಮನೆಯಲ್ಲಿ ಇದೇ ಥರ್ಮಾಮೀಟರ್ ಇಟ್ಟರೆ 116.3ಕ್ಕೆ ಇಳಿಸಬೇಕು. ಬೇಕಾದರೆ ಎರಡೂ ಕಡೆ ಬೆರಳಿಗೆ ತೆಗೆದುಕೊಂಡು ನೋಡಿ, ಪಾಕದ ಹದ ಒಂದೇ ಇರುತ್ತದೆ.