ಮೀನು ನೆನಪಿದೆ, ಸೋರೆಗಿಡ ಮರೆತಿದೆ: ಸಂಡೇ ಸ್ಕೂಲಿನಲ್ಲಿ ಕಥೆ ನೆನಪಿಡಿಸುವ ಆಟಗಳು

[ಪರದೆ: ಮೇಜಿನ ಮೇಲೆ ಮಗುಚಿಟ್ಟ ಹನ್ನೆರಡು ಕಾರ್ಡು]

ಹೋದ ವಾರ ಪ್ರವಾದಿ ಯೋನನ ಕಥೆ ಹೇಳಿದ್ದೀರಿ ಅಂದುಕೊಳ್ಳಿ. ಈ ವಾರ ಮಕ್ಕಳನ್ನು ಕೇಳಿ ನೋಡಿ. "ದೊಡ್ಡ ಮೀನು ನುಂಗ್ತು, ಆಮೇಲೆ ಉಗುಳ್ತು" ಅಂತಾರೆ. ಅಲ್ಲಿಗೆ ಕಥೆ ಮುಗೀತು! ಯೋನನ ಪುಸ್ತಕದಲ್ಲಿ 4 ಅಧ್ಯಾಯ, 48 ವಚನಗಳಿವೆ. ಅದರಲ್ಲಿ ಮೀನು ಬರುವುದು ಮೂರೇ ವಚನಗಳಲ್ಲಿ. ನಿನೆವೆ ಪಶ್ಚಾತ್ತಾಪ ಪಟ್ಟದ್ದು, ಯೋನನಿಗೆ ಸಿಟ್ಟು ಬಂದದ್ದು, ಸೋರೆಗಿಡ, ಕೊನೆಯಲ್ಲಿ ದೇವರು ಕೇಳುವ ಪ್ರಶ್ನೆ ಎಲ್ಲ ಮಕ್ಕಳ ತಲೆಯಿಂದ ಜಾರಿಹೋಗಿರುತ್ತವೆ. ಕಥೆಯ ತಿರುಳು ಇರುವುದೇ ಅಲ್ಲಿ.

ಕಥೆ ಮುಗಿದ ಹತ್ತು ನಿಮಿಷಕ್ಕೆ ಕ್ವಿಜ್ ಮಾಡಿದರೆ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ನಾವು ಮೋಸಹೋಗುವುದು ಅಲ್ಲೇ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು. ಉಳಿದವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರದೇ ಮೇಲುಗೈ. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ನಮ್ಮ ತರಗತಿಯಲ್ಲೂ ಒಂದು ಪಾಠಕ್ಕೂ ಮುಂದಿನದಕ್ಕೂ ನಡುವೆ ಸರಿಯಾಗಿ ಒಂದು ವಾರವೇ ಇರುತ್ತದೆ. ಹಾಗಾಗಿ ಅಸಲಿ ಆಟ ಮುಂದಿನ ಭಾನುವಾರದ ಮೊದಲ ಹತ್ತು ನಿಮಿಷದಲ್ಲಿ ನಡೆಯಬೇಕು. ಮಕ್ಕಳು ಸ್ವಲ್ಪ ತಿಣುಕಿದರೆ ಒಳ್ಳೆಯದೇ. ತಿಣುಕಿ ಹೊರತೆಗೆದದ್ದು ಉಳಿಯುತ್ತದೆ.

[ಪರದೆ: ಕಾರ್ಡುಗಳು ಒಂದೊಂದಾಗಿ ತಿರುಗುತ್ತವೆ]

ಮೊದಲ ಆಟ, ಕಾರ್ಡು ಜೋಡಿಸುವುದು. ನಾಲ್ಕು ಎ4 ದಪ್ಪ ಹಾಳೆ ತೆಗೆದುಕೊಂಡು ಒಂದೊಂದನ್ನು ನಾಲ್ಕು ತುಂಡು ಮಾಡಿ. ಹದಿನಾರು ಕಾರ್ಡು ಸಿಗುತ್ತವೆ. ಹನ್ನೆರಡು ಆಟಕ್ಕೆ, ನಾಲ್ಕು ಹರಿದುಹೋದರೆ ಬದಲಿಗೆ. ಒಂದು ಕಾರ್ಡಿಗೆ ಒಂದೇ ಘಟನೆ: ನಿನೆವೆಗೆ ಹೋಗು ಎಂಬ ಆಜ್ಞೆ, ಯೊಪ್ಪದಲ್ಲಿ ತಾರ್ಷೀಷಿನ ಹಡಗು ಹತ್ತಿದ್ದು, ಬಿರುಗಾಳಿಗೆ ಹೆದರಿ ಸರಕು ಎಸೆದದ್ದು, ಚೀಟು ಯೋನನ ಹೆಸರಿಗೆ ಬಿದ್ದದ್ದು, ಸಮುದ್ರಕ್ಕೆ ಹಾಕಿದ್ದು, ಮೀನಿನ ಹೊಟ್ಟೆ, ದಡ, ನಿನೆವೆಯಲ್ಲಿ ಸಾರಿದ್ದು, ರಾಜ ಗೋಣಿತಟ್ಟು ಕಟ್ಟಿಕೊಂಡದ್ದು, ಯೋನನ ಸಿಟ್ಟು, ಸೋರೆಗಿಡ ಮತ್ತು ಹುಳು, ದೇವರ ಕೊನೆಯ ಪ್ರಶ್ನೆ.

ಗಮನಿಸಿ, ಮೀನಿಗೆ ಒಂದೇ ಕಾರ್ಡು, ನಾಲ್ಕನೇ ಅಧ್ಯಾಯಕ್ಕೆ ಮೂರು. ಚಿತ್ರ ಬರೆಯುವಾಗ ಮೀನನ್ನು ತಿಮಿಂಗಿಲ ಮಾಡಬೇಡಿ. ಮೂಲದಲ್ಲಿ ಇರುವುದು 'ದೊಡ್ಡ ಮೀನು' ಅಂತ ಮಾತ್ರ.

ಮೂರು ಮಕ್ಕಳ ಗುಂಪು, ಒಬ್ಬೊಬ್ಬರ ಕೈಗೆ ನಾಲ್ಕು ಕಾರ್ಡು. ನಿಯಮ ಒಂದೇ: ಕಾರ್ಡು ಯಾರ ಕೈಯಲ್ಲಿದೆಯೋ ಅವರೇ ಇಡಬೇಕು, ಇಡುವಾಗ ಒಂದು ವಾಕ್ಯ ಹೇಳಬೇಕು. ಈ ನಿಯಮ ಬಿಟ್ಟರೆ ಚುರುಕಾದ ಒಂದು ಮಗು ಹನ್ನೆರಡನ್ನೂ ಕಿತ್ತುಕೊಂಡು ಜೋಡಿಸಿಬಿಡುತ್ತದೆ, ಉಳಿದಿಬ್ಬರು ಪ್ರೇಕ್ಷಕರು. ಕಾರ್ಡಿನ ಹಿಂದೆ ಸಂಖ್ಯೆ ಬರೆಯಬೇಡಿ. ಮಕ್ಕಳು ಎರಡನೇ ನಿಮಿಷದಲ್ಲೇ ಅದನ್ನು ಕಂಡುಹಿಡಿದು, ಕಥೆ ಬಿಟ್ಟು ಸಂಖ್ಯೆ ಜೋಡಿಸತೊಡಗುತ್ತಾರೆ. ಸರಿಯಾದ ಕ್ರಮ ಬೇರೆ ಹಾಳೆಯಲ್ಲಿ ನಿಮ್ಮ ಬಳಿ ಇರಲಿ.

ಎರಡನೇ ಸುತ್ತಿನಲ್ಲಿ ಜೋಡಿಸಿದ ಸಾಲಿನಿಂದ ಮೂರು ಕಾರ್ಡು ತೆಗೆದು ಬಚ್ಚಿಟ್ಟು, ಅಲ್ಲಿ ಏನಿತ್ತು ಅಂತ ಕೇಳಿ. ಚಿತ್ರ ನೋಡಿ ಗುರುತಿಸುವುದು ಸುಲಭ. ಖಾಲಿ ಜಾಗ ನೋಡಿ ಹೇಳುವುದಕ್ಕೆ ಕಥೆ ನಿಜಕ್ಕೂ ಗೊತ್ತಿರಬೇಕು. ಮೂರನ್ನೂ ಒಂದೇ ಕಡೆಯಿಂದ ತೆಗೆಯಬೇಡಿ, ಆಗ ಹಿಡಿದುಕೊಳ್ಳಲು ಎಳೆಯೇ ಇರುವುದಿಲ್ಲ.

[ಪರದೆ: ಸ್ಲೇಟು ಎತ್ತಿ ಹಿಡಿದ ಮಕ್ಕಳು]

ಇನ್ನು ಕ್ವಿಜ್. ಗೊತ್ತಿದ್ದವರು ಕೈ ಎತ್ತಿ ಅನ್ನಬೇಡಿ. ಪ್ರತಿ ಮಗುವಿಗೂ ಒಂದು ಸ್ಲೇಟು ಕೊಡಿ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಆಮೇಲೆ ಎಲ್ಲರೂ ಒಟ್ಟಿಗೆ ಎತ್ತಲಿ. ಬರೆಯಲು ಬಾರದ ಪುಟಾಣಿಗಳು ಚಿತ್ರ ಬರೆಯಬಹುದು, ನಟಿಸಿ ತೋರಿಸಬಹುದು. ತಪ್ಪು ಹೇಳಿದವರನ್ನು ಆಟದಿಂದ ಹೊರಗೆ ಕೂರಿಸುವ ಪದ್ಧತಿ ಅಂತೂ ಬೇಡವೇ ಬೇಡ. ಹೆಚ್ಚು ಅಭ್ಯಾಸ ಬೇಕಾದ ಮಗುವೇ ಮೊದಲು ಹೊರಗೆ ಹೋಗುತ್ತದೆ, ಉಳಿದ ಹೊತ್ತೆಲ್ಲ ಪಕ್ಕದವನನ್ನು ಚಿವುಟುತ್ತ ಕೂರುತ್ತದೆ.

ಪ್ರಶ್ನೆ ಹೇಗಿರಬೇಕು? "ಮೀನಿನ ಹೊಟ್ಟೆಯಲ್ಲಿ ಎಷ್ಟು ದಿನ ಇದ್ದ?" ಮೂರು ದಿನ ಅಂತ ಎಲ್ಲರಿಗೂ ಗೊತ್ತು. ಬಿಸಿಯೇರಿಸಲು ಒಂದು ಸಾಕು. ಹೌದು, ಇಲ್ಲ ಎಂಬ ಪ್ರಶ್ನೆಗೆ ಊಹಿಸಿದರೂ ಅರ್ಧ ಸರಿಯಾಗುತ್ತದೆ. ಬದಲಿಗೆ ಒಂದು ಘಟನೆಯನ್ನು ಇನ್ನೊಂದಕ್ಕೆ ಗಂಟುಹಾಕುವಂತೆ ಕೇಳಿ. "ಯೋನನನ್ನು ಸಮುದ್ರಕ್ಕೆ ಹಾಕುವ ಮೊದಲು ಹಡಗಿನವರು ಏನು ಮಾಡಿ ನೋಡಿದರು?" ದಡಕ್ಕೆ ಹೋಗಲು ಜೋರಾಗಿ ಹುಟ್ಟುಹಾಕಿದರು, ಆಗಲಿಲ್ಲ. "ಯೋನ ಸಿಟ್ಟಾದದ್ದು ಯಾಕೆ?" ನಿನೆವೆಯವರನ್ನು ದೇವರು ಕ್ಷಮಿಸಿದ್ದಕ್ಕೆ. "ಗಿಡ ಒಣಗಿದ್ದು ಹೇಗೆ?" ಹುಳು ಕಡಿದು. ಎರಡನೇ ಪ್ರಶ್ನೆಗೆ ತುಂಬ ಮಕ್ಕಳು 'ಬಿಸಿಲಿಗೆ' ಅಂತ ಬರೆಯುತ್ತಾರೆ. ಬಿಸಿಲೂ ಬಿಸಿಗಾಳಿಯೂ ಬಂದದ್ದು ಗಿಡ ಒಣಗಿದ ಮೇಲೆ. ಸಿಟ್ಟು ಅದಕ್ಕೂ ಮೊದಲೇ ಶುರುವಾಗಿತ್ತು. ಹತ್ತನೇ ಮತ್ತು ಹನ್ನೊಂದನೇ ಕಾರ್ಡು ಅಕ್ಕಪಕ್ಕ ಇಟ್ಟು ತೋರಿಸಿದರೆ ತಪ್ಪು ಅವರಿಗೇ ಕಾಣುತ್ತದೆ.

ಸರಿಯುತ್ತರವನ್ನು ಆ ಕ್ಷಣವೇ ಹೇಳಿ, ಕೊನೆಗೆ ಒಟ್ಟಿಗೆ ಹೇಳೋಣ ಅಂತ ಬಿಡಬೇಡಿ. ನಾಲ್ಕು ಆಯ್ಕೆ ಕೊಟ್ಟು ಕೇಳಿದಾಗಂತೂ ಇದು ಮುಖ್ಯ, ಯಾಕೆಂದರೆ ತಪ್ಪು ಆಯ್ಕೆಯನ್ನು ಓದಿದ ಮಗುವಿಗೆ ಆಮೇಲೆ ಅದೇ ಸರಿ ಅಂತ ನೆನಪಾಗುವ ಅಪಾಯವಿದೆ.

[ಪರದೆ: ನೋಟುಪುಸ್ತಕದಲ್ಲಿ 1ರಿಂದ 12, ಕೆಲವಕ್ಕೆ ಗುರುತು]

ಆಟ ಫಲಿಸಿತೇ ಅಂತ ತಿಳಿಯಲು ಅಂಕ ನೋಡಬೇಡಿ. ಕಾರ್ಡು ಒಳಗಿಟ್ಟು, ಕಥೆಯನ್ನು ಮಕ್ಕಳಿಂದಲೇ ಹೇಳಿಸಿ. ಹನ್ನೆರಡರಲ್ಲಿ ಯಾವುದು ಬಂತೋ ಅದಕ್ಕೆ ಗುರುತು ಹಾಕುತ್ತ ಹೋಗಿ. 1ರಿಂದ 3, 5ರಿಂದ 8 ಬಂದವು, 4, 9, 10, 11, 12 ಬರಲಿಲ್ಲ ಅಂದುಕೊಳ್ಳಿ. ಮುಂದಿನ ವಾರದ ಪ್ರಶ್ನೆಗಳು ಆ ಐದರಿಂದಲೇ ಬರಲಿ. ಬಂದ ಏಳನ್ನು ಎರಡು ವಾರ ಬಿಡಿ. ಹೊಸ ಕಥೆ ಶುರುವಾದ ಮೇಲೂ ಪ್ರತಿ ವಾರ ಐದು ಪ್ರಶ್ನೆ ಇರಲಿ: ಮೂರು ಹೋದ ವಾರದ ಪಾಠದಿಂದ, ಉಳಿದೆರಡು ಒಂದು ತಿಂಗಳ ಹಿಂದಿನದರಿಂದ.

ಹೋದ ವಾರ ಬಾರದ ಮಗುವಿಗೆ ಹೇಳದ ಕಥೆಯನ್ನು ನೆನಪಿಸಿಕೋ ಅನ್ನಲಾಗದು. ಅವರನ್ನು ಬಂದ ಮಗುವಿನ ಪಕ್ಕ ಕೂರಿಸಿ, ಜೋಡಿಸಿದ ಕಾರ್ಡುಗಳನ್ನು ತೋರಿಸುತ್ತ ಆ ಮಗು ಕಥೆ ಹೇಳಲಿ. ಹೇಳುವವರಿಗೂ ಅದು ಇನ್ನೊಂದು ಸುತ್ತಿನ ಅಭ್ಯಾಸ. ಐದು ನಿಮಿಷ ಸಾಕು, ಆಮೇಲೆ ಇಬ್ಬರೂ ಸ್ಲೇಟು ಹಿಡಿದು ಆಟಕ್ಕೆ ಬರಬಹುದು.