ಮಲಯಾಳಂ ಓದಲು ಪತ್ರಿಕೆಯಿಂದ ಶುರು ಮಾಡಬೇಡಿ

ನಮಸ್ಕಾರ. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಜನರಿಗೆ ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರು ಅಕ್ಷರ ಕಲಿತ ಕೂಡಲೇ ದಿನಪತ್ರಿಕೆ ಹಿಡಿಯುತ್ತಾರೆ. ಅದು ಬೇಡ ಅನ್ನುತ್ತೇನೆ ನಾನು. ಮೊದಲು ಮಕ್ಕಳ ಕಥೆ ಓದಿ. ಒಂದೆರಡಲ್ಲ, ರಾಶಿ ರಾಶಿ.

ಯಾಕೆ ಅಂತ ಹೇಳುತ್ತೇನೆ. ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ರಲ್ಲಿ ಇಂಗ್ಲಿಷ್ ಕಲಿಯುವವರಿಗೆ ಒಂದು ಕಥೆ ಕೊಟ್ಟು ನೋಡಿದರು. ನೂರರಲ್ಲಿ 80 ಪದ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸರಿಯಾಗಿ ಅರ್ಥವಾಗಲಿಲ್ಲ. ಯಾರ ನೆರವೂ ಇಲ್ಲದೆ ಆರಾಮಾಗಿ ಓದಲು ಸುಮಾರು 98 ಪದ ಗೊತ್ತಿರಬೇಕು ಎಂದು ಅವರು ಲೆಕ್ಕ ಹಾಕಿದರು. ಅಂದರೆ 50 ಪದಕ್ಕೆ ಒಂದೇ ಹೊಸ ಪದ. ಆಗ ಸುತ್ತಲಿನ ವಾಕ್ಯವೇ ಅದರ ಅರ್ಥ ಹೇಳಿಕೊಡುತ್ತದೆ.

ಇಂಗ್ಲಿಷ್‌ನಲ್ಲಿ ಇದಕ್ಕೆಂದೇ ಪುಸ್ತಕಗಳಿವೆ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್‌ನ ಮೊದಲ ಹಂತ 400 ಮೂಲ ಪದಗಳದ್ದು, ಎರಡನೆಯದು 700ರದ್ದು. ನಮಗೆ ಕೈಗೆ ಸಿಗುವುದು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಎಂಬ ಜಾಲತಾಣ. ಅಲ್ಲಿ ಮಲಯಾಳಂ ಕಥೆಗಳನ್ನು ಹಂತವಾರು, ದುಡ್ಡಿಲ್ಲದೆ ಓದಬಹುದು. ಆದರೆ ಅಲ್ಲಿ ಪದಗಳಿಗೆ ಅಂಥ ಕಟ್ಟುನಿಟ್ಟಿನ ಮಿತಿ ಇಲ್ಲ. ಎರಡನೇ ಹಂತದ ವಿಜ್ಞಾನದ ಕಥೆಯೊಂದು ಮೂರನೇ ಹಂತದ ಮನೆಕಥೆಗಿಂತ ಕಷ್ಟವಾಗಬಹುದು. ಹಾಗಾಗಿ ನೀವೇ ಎಣಿಸಬೇಕು.

ಹೀಗೆ ಮಾಡಿ. ಕಥೆಯ ನಡುವಿನಿಂದ 100 ಪದ ಓದಿ, ಗೊತ್ತಿಲ್ಲದ್ದಕ್ಕೆ ಬೆರಳು ಮಡಚಿ. ಎರಡು ಬೆರಳಾದರೆ ಆ ಪುಸ್ತಕ ಸರಿ. ಆರಾದರೆ ಕೆಳಗಿನ ಹಂತಕ್ಕೆ ಇಳಿಯಿರಿ. ಇಲ್ಲಿ ನಮ್ಮವರಿಗೇ ಒಂದು ತೊಡಕಿದೆ. ನಾವು ಆಡುವ ಕಾಸರಗೋಡಿನ ಮಲಯಾಳಂ ಬೇರೆ, ಅಚ್ಚಿನ ಮಲಯಾಳಂ ಬೇರೆ. ಗೊತ್ತಿರುವ ಪದವೇ ಉದ್ದನೆಯ ಪ್ರತ್ಯಯ ಹಚ್ಚಿಕೊಂಡು ಬಂದಾಗ ಗುರುತು ಸಿಗುವುದಿಲ್ಲ. ಜೋರಾಗಿ ಓದಿದ ಮೇಲೆ ಅರ್ಥವಾದರೆ ಅದು ಗೊತ್ತಿರುವ ಪದವೇ, ಬೆರಳು ಮಡಚಬೇಡಿ.

ಓದುವಾಗ ನಿಘಂಟು ತೆಗೆಯಬೇಡಿ. ಅದೇ ಪದ ಮೂರು ಕಥೆಯಲ್ಲಿ ಕಾಡಿದರೆ ಆಮೇಲೆ ನೋಡಿ. ಒಮ್ಮೆ ಕಂಡ ಪದ ನಿಲ್ಲುವುದಿಲ್ಲ, ಮತ್ತೆ ಮತ್ತೆ ಎದುರಾಗಬೇಕು. ಅದಕ್ಕೇ ರಾಶಿ ಅಂದದ್ದು. ಒಂದೇ ವಿಷಯದ ನಾಲ್ಕೈದು ಕಥೆಗಳನ್ನು ಸಾಲಾಗಿ ಓದಿದರೆ ಅವೇ ಪದಗಳು ಬೇಗ ಮರಳುತ್ತವೆ.

ವೇಗಕ್ಕೆ ಬೇರೆ ಪುಸ್ತಕ ಬೇಕು, ಒಂದೂ ಹೊಸ ಪದ ಇಲ್ಲದ್ದು. ಓದಿ ಮುಗಿಸಿದ ಕಥೆಯನ್ನೇ ಮತ್ತೆ ಓದಿದರೂ ಸಾಕು. ಒತ್ತಕ್ಷರದ ಹತ್ತಿರ ಕಣ್ಣು ನಿಲ್ಲುವುದು ತಪ್ಪುವವರೆಗೆ ಇದನ್ನು ಬಿಡಬೇಡಿ. ಪುಟ ಮುಗಿದಾಗ ಅಕ್ಷರ ಕೂಡಿಸಿದ್ದು ನೆನಪಿದೆ, ಕಥೆ ನೆನಪಿಲ್ಲ ಅಂತಾದರೆ ಹಂತ ಇನ್ನೂ ಜಾಸ್ತಿಯೇ ಇದೆ.

ಕೇರಳ ಪಿಎಸ್‌ಸಿ ಪರೀಕ್ಷೆಗೆ ಓದುವವರಿಗೆ ಇಷ್ಟೇ ಸಾಲದು. ಸರ್ಕಾರಿ ಆದೇಶದ ಪದಗಳು ಮಕ್ಕಳ ಕಥೆಯಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿಯೇ ಕಲಿಯಬೇಕು.