ವೈವಾದಲ್ಲಿ ಐದು ಪ್ರಶ್ನೆ, ಹತ್ತು ಅಂಕ

ಕೇಳುಗರೇ, ನಮಸ್ಕಾರ. ಇವತ್ತಿನ ಮಾತು ವೈವಾ ಬಗ್ಗೆ. ಉತ್ತರ ಹೇಳುವವರಿಗಲ್ಲ, ಎದುರು ಕೂತು ಪ್ರಶ್ನೆ ಕೇಳಿ ಅಂಕ ಹಾಕುವವರಿಗೆ.

ಎಲ್ಲರಿಗೂ ಪರಿಚಯ ಇರುವ ಒಂದು ಪ್ರಯೋಗ ತೆಗೆದುಕೊಳ್ಳೋಣ. ಸರಳ ಲೋಲಕ. ದಾರಕ್ಕೆ ಕಟ್ಟಿದ ಲೋಹದ ಗುಂಡು, ಒಂದು ಸ್ಟಾಪ್‌ವಾಚ್, ಒಂದು ಸ್ಕೇಲ್. ಲೋಲಕದ ಉದ್ದ ಬದಲಿಸುತ್ತಾ ಆಂದೋಲನದ ಅವಧಿ ಅಳೆದು, ಅವಧಿಯ ವರ್ಗಕ್ಕೂ ಉದ್ದಕ್ಕೂ ಗ್ರಾಫ್ ಎಳೆದು, ಅದರ ಸ್ಲೋಪ್‌ನಿಂದ ಗುರುತ್ವ ವೇಗೋತ್ಕರ್ಷ, ಅಂದರೆ 'ಜಿ' ಕಂಡುಹಿಡಿಯಬೇಕು. ಉತ್ತರ ಸುಮಾರು 9.8 ಬರಬೇಕು ಅಂತ ಎಲ್ಲರಿಗೂ ಮೊದಲೇ ಗೊತ್ತು. ತೊಂದರೆ ಇರುವುದೇ ಅಲ್ಲಿ. ರೆಕಾರ್ಡ್ ನೋಡಿದರೆ ಎಲ್ಲರದ್ದೂ 9.8. ಯಾರು ಅಳೆದರು, ಯಾರು ಪಕ್ಕದವರದ್ದು ನೋಡಿ ಬರೆದರು ಅಂತ ಗೊತ್ತಾಗುವುದು ಬಾಯಿಬಿಟ್ಟು ಮಾತಾಡಿಸಿದಾಗಲೇ.

ಹಾಗಾಗಿ ಐದು ಪ್ರಶ್ನೆ, ಒಟ್ಟು ಹತ್ತು ಅಂಕ. ಒಂದಕ್ಕಿಂತ ಒಂದು ಆಳಕ್ಕೆ ಇಳಿಯಬೇಕು.

ಮೊದಲನೆಯದು: ನೀವು ಏನೇನು ಅಳೆದಿರಿ? ಉದ್ದ, ಸಮಯ. ಅಷ್ಟು ಹೇಳಿದರೆ ಒಂದು ಅಂಕ. ಎರಡನೆಯದು: ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆದಿರಿ? ದಾರ ಕಟ್ಟಿದ ಜಾಗದಿಂದ ಗುಂಡಿನ ಕೇಂದ್ರದವರೆಗೆ. ಇದಕ್ಕೂ ಒಂದು ಅಂಕ. ಈ ಎರಡು ಪ್ರಶ್ನೆಗಳನ್ನು ಎಷ್ಟೇ ಜಾಣ ವಿದ್ಯಾರ್ಥಿ ಎದುರಿಗಿದ್ದರೂ ಬಿಡಬೇಡಿ. ಅರ್ಧ ನಿಮಿಷವೂ ಹಿಡಿಯುವುದಿಲ್ಲ, ಹೆದರಿದವರಿಗೆ ಬಾಯಿ ಬರುತ್ತದೆ, ಮೇಲಾಗಿ ಐದನೇ ಪ್ರಶ್ನೆ ನಿಂತಿರುವುದೇ ಎರಡನೆಯದರ ಮೇಲೆ.

ಮೂರನೆಯದರಿಂದ ಅಸಲಿ ಕೆಲಸ ಶುರು. ಒಂದೇ ಆಂದೋಲನ ಅಳೆಯದೆ 20 ಆಂದೋಲನಗಳ ಸಮಯ ಯಾಕೆ ತೆಗೆದುಕೊಂಡಿರಿ? ಎರಡು ಅಂಕ. ಜಾಸ್ತಿ ಜನ ಹೇಳುವ ಉತ್ತರ, "ನಿಖರವಾಗಿ ಬರಲಿ ಅಂತ ಸಾರ್." ಇದು ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಒಂದು ಅಂಕ ಬರೆದುಕೊಳ್ಳಿ, ಆಮೇಲೆ "ಅದು ಹೇಗೆ?" ಅಂತ ಕೇಳಿ, ಸುಮ್ನೆ ಕಾಯಿರಿ. ಬಟನ್ ಒತ್ತುವಾಗ ಕೈ 0.2 ಸೆಕೆಂಡ್ ಹೆಚ್ಚು ಕಡಿಮೆ ಮಾಡಿತು ಅಂತಿಟ್ಟುಕೊಳ್ಳಿ. ಒಂದು ಮೀಟರ್ ಲೋಲಕದ ಅವಧಿ ಸುಮಾರು 2 ಸೆಕೆಂಡ್, ಒಂದೇ ಆಂದೋಲನ ಅಳೆದರೆ ದೋಷ ಶೇಕಡಾ 10. ಇಪ್ಪತ್ತಕ್ಕೆ 40 ಸೆಕೆಂಡ್ ಆಗುತ್ತದೆ, ಕೈಯ ತಪ್ಪು ಮಾತ್ರ ಅಷ್ಟೇ ಇರುತ್ತದೆ, ಹಾಗಾಗಿ ದೋಷ ಶೇಕಡಾ ಅರ್ಧಕ್ಕೆ ಇಳಿಯುತ್ತದೆ. ಲೆಕ್ಕ ಹೇಳಲೇಬೇಕು ಅಂತೇನಿಲ್ಲ. ಕೈಯ ತಪ್ಪು ಒಂದೇ ಸಲ, ಅದು ಇಪ್ಪತ್ತಕ್ಕೂ ಹಂಚಿಹೋಗುತ್ತದೆ ಅನ್ನುವ ಅರ್ಥ ಯಾವ ಮಾತಿನಲ್ಲಿ ಬಂದರೂ ಎರಡನೇ ಅಂಕ ಕೊಡಿ.

ನಾಲ್ಕನೆಯದು, ಗುಂಡನ್ನು ಸ್ವಲ್ಪವೇ ಎಳೆದು ಬಿಡಬೇಕು ಯಾಕೆ? ಸೂತ್ರ ಸಣ್ಣ ಕೋನಕ್ಕೆ ಮಾತ್ರ ಅಂದರೆ ಒಂದು ಅಂಕ, ಜಾಸ್ತಿ ಎಳೆದರೆ ಅವಧಿ ಹೆಚ್ಚುತ್ತದೆ ಅಂತ ದಿಕ್ಕನ್ನೂ ಹೇಳಿದರೆ ಎರಡು. ನಿಮ್ಮ ತಿಳಿವಳಿಕೆಗೆ: 10 ಡಿಗ್ರಿಗೆ ಸುಮಾರು ಶೇಕಡಾ 0.2, 30 ಡಿಗ್ರಿಗೆ ಸುಮಾರು ಶೇಕಡಾ 1.7.

ಐದನೆಯದಕ್ಕೆ ನಾಲ್ಕು ಅಂಕ. ಹೀಗೆ ಕೇಳಿ: ನಿಮ್ಮ ಗೆಳೆಯನೊಬ್ಬ ಬರೀ ದಾರದ ಉದ್ದ ಅಳೆದ, ಗುಂಡಿನ ತ್ರಿಜ್ಯ ಸೇರಿಸುವುದನ್ನು ಮರೆತ. ಎಲ್ಲಾ ಅಳತೆಯಲ್ಲೂ ಇದೇ ತಪ್ಪು. ಅವನ ಗ್ರಾಫ್ ಹೇಗಿರುತ್ತದೆ? 'ಜಿ' ತಪ್ಪಾಗುತ್ತದಾ?

ಬಹಳ ಜನ ತಟ್ಟನೆ "ತಪ್ಪಾಗುತ್ತದೆ" ಅಂತಾರೆ. ಒಂದೇ ಅಳತೆಯಿಂದ ಲೆಕ್ಕ ಹಾಕಿದ್ದರೆ ಹೌದು. 50 ಸೆಂಟಿಮೀಟರ್ ಇರಬೇಕಾದ ಕಡೆ 49 ಹಾಕಿದರೆ 9.8ರ ಬದಲು 9.6 ಬರುತ್ತದೆ. ಆದರೆ ಗ್ರಾಫ್‌ನಲ್ಲಿ ಎಲ್ಲಾ ಬಿಂದುಗಳೂ ಒಂದೇ ಸಮ ಪಕ್ಕಕ್ಕೆ ಸರಿಯುತ್ತವೆ. ಗೆರೆ ಮೂಲಬಿಂದುವಿನ ಮೂಲಕ ಹೋಗದೆ ಸ್ವಲ್ಪ ಮೇಲೆ ಹೋಗುತ್ತದೆ, ಸ್ಲೋಪ್ ಮಾತ್ರ ಹಾಗೇ ಇರುತ್ತದೆ, 'ಜಿ' ಸರಿಯಾಗೇ ಬರುತ್ತದೆ. ಗೆರೆ ಸರಿಯುತ್ತದೆ ಅಂದರೆ ಒಂದು, ಯಾವ ಕಡೆಗೆ ಅಂದರೆ ಎರಡು, ಸ್ಲೋಪ್ ಬದಲಾಗದು ಅಂದರೆ ಮೂರು, ಅದರಿಂದ 'ಜಿ' ಸರಿ ಅಂತ ಮುಗಿಸಿದರೆ ನಾಲ್ಕು. ಕಾರಣ ಇಲ್ಲದೆ ಬರೀ "ಜಿ ಸರಿಯಾಗೇ ಇರುತ್ತೆ" ಅಂದರೆ ಸೊನ್ನೆ, ಯಾಕಂದರೆ ಹೌದು ಇಲ್ಲ ಪ್ರಶ್ನೆಗೆ ಊಹೆಯೂ ಅರ್ಧ ಸಲ ಸರಿಯಾಗುತ್ತದೆ. ಇಂಥ ಸಾಲುಗಳನ್ನು ಪರೀಕ್ಷೆಗೆ ಮೊದಲೇ ಕಾಗದದ ಮೇಲೆ ಇಟ್ಟುಕೊಂಡಿರಬೇಕು, ಅದೇ ನಿಮ್ಮ ಗೈಡ್. ಇಲ್ಲದಿದ್ದರೆ ಬೆಳಗ್ಗೆ ಎರಡು ಅಂಕ ಸಿಕ್ಕ ಉತ್ತರಕ್ಕೆ ಸಂಜೆ ಸುಸ್ತಾದ ಪರೀಕ್ಷಕರಿಂದ ಮೂರು ಸಿಗುತ್ತದೆ. ಅಥವಾ ಒಂದು.

ಹೊರಗೆ ಬಂದವರು ಒಳಗೆ ಹೋಗುವವರಿಗೆ ಪ್ರಶ್ನೆ ಹೇಳಿಯೇ ಹೇಳುತ್ತಾರೆ, ಅಲ್ವಾ? ಅದಕ್ಕೆ ಐದನೆಯದಕ್ಕೊಂದು ಜೋಡಿ ಬೇಕು, ಅಷ್ಟೇ ತೂಕದ್ದು, ಆದರೆ ಉತ್ತರ ತಿರುಗಿದ್ದು. ಉದಾಹರಣೆಗೆ: ಗೆಳತಿಯ ಗ್ರಾಫ್ ನೇರವಾಗಿ ಮೂಲಬಿಂದುವಿನ ಮೂಲಕವೇ ಹೋಗಿದೆ, 'ಜಿ' ಮಾತ್ರ 10.9 ಬಂದಿದೆ, ಏನಾಗಿರಬಹುದು? ಅವಳು ಸ್ಟಾಪ್‌ವಾಚ್ ಒತ್ತಿದ ಕ್ಷಣವೇ "ಒಂದು" ಅಂತ ಎಣಿಸಿದ್ದಾಳೆ. ಸೊನ್ನೆಯಿಂದ ಶುರು ಮಾಡಿಲ್ಲ. ಇಪ್ಪತ್ತು ಅನ್ನುವಾಗ ಆಗಿರುವುದು 19 ಆಂದೋಲನ. ಅವಧಿ ಶೇಕಡಾ 5 ಕಡಿಮೆ ಬಂದಿದೆ, 'ಜಿ' ಶೇಕಡಾ 10ಕ್ಕಿಂತ ಸ್ವಲ್ಪ ಹೆಚ್ಚಾಗಿದೆ. ಗೆಳೆಯನ ಪ್ರಶ್ನೆಯ ಉತ್ತರ ಕೇಳಿಕೊಂಡು ಬಂದವರು ಇಲ್ಲೂ "ತ್ರಿಜ್ಯ" ಅಂತಾರೆ, ಸಿಕ್ಕಿಬೀಳುತ್ತಾರೆ. ಇದರ ಅಂಕಗಳನ್ನೂ ಹಾಗೇ ನಾಲ್ಕಾಗಿ ಒಡೆದಿಟ್ಟುಕೊಳ್ಳಿ. ಕಾಲಮಾಪನದಲ್ಲಿ ತಪ್ಪು ಅಂದರೆ ಒಂದು, ಅವಧಿ ಕಡಿಮೆ ಬಂದಿದೆ ಅಂದರೆ ಎರಡು, ಎಣಿಕೆ ಅಂತ ಹಿಡಿದರೆ ಮೂರು, ಗೆರೆ ಯಾಕೆ ಸರಿಯಲಿಲ್ಲ ಅಂತಲೂ ಹೇಳಿದರೆ ನಾಲ್ಕು. ಸ್ಟಾಪ್‌ವಾಚ್ ನಿಧಾನವಾಗಿ ಓಡುತ್ತಿತ್ತು ಅಂತ ಯಾರಾದರೂ ಹೇಳಿದರೆ? ಅದೂ ಸರಿ, ಎಣಿಕೆಯಷ್ಟೇ ಅಂಕ ಅದಕ್ಕೂ ಕೊಡಿ. ಗೈಡ್‌ನಲ್ಲಿ ಇಲ್ಲದ ಸರಿ ಉತ್ತರ ಬಂದರೆ ಆಗಲೇ ಗೈಡ್‌ಗೆ ಸೇರಿಸಿ.

ಸುಳಿವಿನ ವಿಷಯ. ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಿದರೆ ಅಂಕ ಕಳೆಯಬೇಡಿ. "ಇನ್ನೂ ಸ್ವಲ್ಪ ಹೇಳಿ" ಅಂದರೂ ಕಳೆಯಬೇಡಿ. "ಸ್ಲೋಪ್ ಏನಾಗುತ್ತೆ ಯೋಚಿಸಿ" ಅಂದಿರಾ, ಅದು ಸುಳಿವು, ಆ ಪ್ರಶ್ನೆಯಲ್ಲಿ ಒಂದು ಅಂಕ ಕಡಿಮೆ, ಪಕ್ಕದಲ್ಲಿ "ಸು" ಅಂತ ಗುರುತು. ಪಾಠ ಮಾಡಲು ಹೋಗಬೇಡಿ. ಮೇಷ್ಟರಿಗೆ ಇದು ಕಷ್ಟ, ನಾಲಿಗೆ ತಡೆಯುವುದಿಲ್ಲ, ಆದರೆ ನೀವೇ ವಿವರಿಸಿದ್ದಕ್ಕೆ ಅವರು ತಲೆಯಾಡಿಸಿದರೆ ಅದು ಅವರ ಉತ್ತರವಲ್ಲ. ಸತತ ಎರಡು ಪ್ರಶ್ನೆಗೆ ಏನೂ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ, ಅಂಕಕ್ಕೆ ಸೇರದ ಒಂದು ಸುಲಭದ ಪ್ರಶ್ನೆ ಕೇಳಿ ಕಳಿಸಿ.

ಅಂಕವನ್ನು ಒಂದೊಂದು ಪ್ರಶ್ನೆ ಮುಗಿದ ಕೂಡಲೇ ಬರೆಯಬೇಕು, ಜೊತೆಗೆ ಅವರು ಆಡಿದ ಮಾತಿನ ನಾಲ್ಕೈದು ಪದಗಳನ್ನೂ. ಕೊನೆಯಲ್ಲಿ ಒಟ್ಟಿಗೆ ಹಾಕಿದರೆ ಚುರುಕಾಗಿ ಮಾತಾಡಿದವರಿಗೆ ಜಾಸ್ತಿ, ತಡವರಿಸಿದವರಿಗೆ ಕಡಿಮೆ ಆಗುತ್ತದೆ. ಇಬ್ಬರು ಪರೀಕ್ಷಕರಿದ್ದರೆ ಒಬ್ಬರಿಗೊಬ್ಬರು ತೋರಿಸದೆ ಬರೆದುಕೊಂಡು ಆಮೇಲೆ ಹೋಲಿಸಲಿ. ಒಟ್ಟಿನಲ್ಲಿ ಎರಡು ಅಂಕ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸರಾಸರಿ ಹಾಕಿ ಮುಗಿಸಬೇಡಿ. ಯಾವ ಪ್ರಶ್ನೆಯಲ್ಲಿ ಬೇರೆಯಾದಿರಿ ನೋಡಿ, ಬರೆದುಕೊಂಡ ಮಾತುಗಳನ್ನು ಗೈಡ್‌ನ ಸಾಲಿನ ಪಕ್ಕ ಇಟ್ಟು ಓದಿ, ಆಮೇಲೆ ತೀರ್ಮಾನ ಮಾಡಿ. ನಮಸ್ಕಾರ.